ನಮಾಜಿನಲ್ಲಿ ಮರೆತಾಗ ಎರಡು ಸುಜೂದ್

ಮದೀನಾದ ಮಸೀದಿಯಲ್ಲಿ ಒಂದು ದಿನ ಪ್ರವಾದಿ ಮುಹಮ್ಮದರು 4 ರಕಅತ್‌ಗಳ ನಮಾಜನ್ನು 2ಕ್ಕೇ ಮುಗಿಸಿ ಸಲಾಮ್ ಹೇಳಿಬಿಟ್ಟರು. ಹೊತ್ತು ಇಳಿದ ಮೇಲಿನ ನಮಾಜು ಅದು. ಝುಹರೋ ಅಸರೋ ಎಂಬುದು ವರದಿ ಮಾಡಿದವರಿಗೇ ಖಚಿತವಿರಲಿಲ್ಲ. ಪ್ರವಾದಿ ಎದ್ದು ಹೋಗಿ ಮಸೀದಿಯಲ್ಲಿದ್ದ ಒಂದು ಮರದ ದಿಮ್ಮಿಗೆ ಒರಗಿ ನಿಂತರು. ಮುಖದಲ್ಲಿ ಸಿಟ್ಟು ಬಂದವರ ಕಳೆಯಿತ್ತು. ಅವಸರದ ಜನ ಆಗಲೇ ಹೊರಬಿದ್ದು, ನಮಾಜು ಮೊಟಕಾಗಿರಬೇಕು ಎಂದು ಮಾತಾಡಿಕೊಳ್ಳತೊಡಗಿದರು. ಅಬೂಬಕರ್, ಉಮರ್ ಅಂಥವರೇ ಅಲ್ಲಿದ್ದರೂ ಕೇಳಲು ಅಂಜಿದರು. ಉದ್ದ ಕೈಗಳಿಂದಾಗಿ ಝುಲ್‌ಯದೈನ್ ಎಂದು ಕರೆಸಿಕೊಳ್ಳುತ್ತಿದ್ದ ಒಬ್ಬರು ಮಾತ್ರ ಹತ್ತಿರ ಹೋಗಿ, ತಾವು ಮರೆತಿರೋ ಇಲ್ಲ ನಮಾಜನ್ನೇ ಕಡಿಮೆ ಮಾಡಲಾಗಿದೆಯೋ ಎಂದು ಕೇಳಿದರು. ಎರಡೂ ಆಗಿಲ್ಲ ಎಂದರು ಪ್ರವಾದಿ. ಆದರೆ ಉಳಿದವರನ್ನು ವಿಚಾರಿಸಿದಾಗ ಅವರೂ ಝುಲ್‌ಯದೈನ್ ಹೇಳುತ್ತಿರುವುದು ನಿಜವೆಂದರು. ಆಗ ಪ್ರವಾದಿ ಮತ್ತೆ ಮುಂದೆ ಬಂದು ಬಿಟ್ಟುಹೋಗಿದ್ದ 2 ರಕಅತ್ ನಡೆಸಿದರು, ಸಲಾಮ್ ಹೇಳಿದರು, ಆಮೇಲೆ 2 ಸುಜೂದ್ ಮಾಡಿ ಮತ್ತೆ ಸಲಾಮ್ ಹೇಳಿದರು.

ಅಬೂಹುರೈರಾ ಹೇಳಿದ ಈ ಘಟನೆ ಬುಖಾರಿ ಮತ್ತು ಮುಸ್ಲಿಮ್ ಎಂಬ ಎರಡೂ ಪ್ರಮುಖ ಹದೀಸ್ ಸಂಗ್ರಹಗಳಲ್ಲಿದೆ. ಕೊನೆಯಲ್ಲಿ ಮಾಡಿದ ಆ 2 ಸುಜೂದ್‌ಗಳೇ ಮರೆವಿನ ಸುಜೂದ್. ಬಯಲುಸೀಮೆಯ ಉರ್ದು ಮಾತಿನ ಮನೆಗಳಲ್ಲಿ ಇದಕ್ಕೆ ಸಜ್ದಾ ಸಹೂ ಎನ್ನುತ್ತಾರೆ, ಕರಾವಳಿಯಲ್ಲಿ ಸಹ್ವಿನ ಸುಜೂದ್ ಎನ್ನುತ್ತಾರೆ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಪ್ರವಾದಿ ಬರೀ 2 ಸುಜೂದ್ ಮಾಡಿ ಸುಮ್ಮನಾಗಲಿಲ್ಲ. ಮೊದಲು ಬಿಟ್ಟುಹೋದ ರಕಅತ್‌ಗಳನ್ನು ಪೂರೈಸಿದರು, ಸುಜೂದ್ ಮಾಡಿದ್ದು ಅದರ ನಂತರ. ನಮಾಜು ಮಾಡುವ ಎಷ್ಟೋ ಜನ ಎಡವುವುದು ಇದೇ ಜಾಗದಲ್ಲಿ. ಏನು ಬಿಟ್ಟುಹೋದರೂ ಕೊನೆಗೆ 2 ಸುಜೂದ್ ಹಾಕಿದರೆ ಸರಿಹೋಯಿತು ಎಂದುಕೊಳ್ಳುತ್ತಾರೆ. ಹಾಗಿಲ್ಲ. ಕೆಲವನ್ನು ಮಾಡಿಯೇ ತೀರಬೇಕು, ಕೆಲವಕ್ಕೆ ಸುಜೂದ್ ಸಾಕು, ಇನ್ನು ಕೆಲವಕ್ಕೆ ಸುಜೂದ್ ಕೂಡ ಬೇಡ.

ಇದು ತಿಳಿಯಬೇಕಾದರೆ ಒಂದು ರಕಅತ್ ಹೇಗಿರುತ್ತದೆ ಎಂಬುದನ್ನು ನೋಡಬೇಕು. ನಿಂತು ಕುರ್‌ಆನಿನ ಮೊದಲ ಅಧ್ಯಾಯವಾದ ಫಾತಿಹಾ ಓದುವುದು, ಅದರ ಜೊತೆಗೆ ಇನ್ನೊಂದು ಸೂರಾ ಅಥವಾ ಕೆಲವು ಆಯತ್‌ಗಳು, ಬಾಗಿ ರುಕೂ, ಮತ್ತೆ ನೆಟ್ಟಗೆ ನಿಲ್ಲುವುದು, ಹಣೆ ನೆಲಕ್ಕೆ ಊರಿ 2 ಸುಜೂದ್, ಅವೆರಡರ ನಡುವೆ ಒಂದು ಗಳಿಗೆ ಕೂರುವುದು. ಇಷ್ಟಾದರೆ ಒಂದು ರಕಅತ್. ಕಡ್ಡಾಯ ನಮಾಜುಗಳಲ್ಲಿ ಬೆಳಗಿನ ಫಜರ್‌ಗೆ 2, ಝುಹರ್, ಅಸರ್, ಇಶಾಗಳಿಗೆ ತಲಾ 4, ಸಂಜೆಯ ಮಗ್ರಿಬ್‌ಗೆ 3, ಹೀಗೆ ದಿನಕ್ಕೆ 17 ರಕಅತ್. ಎರಡನೇ ರಕಅತ್ ಮುಗಿದಾಗ ಕುಳಿತು ಅತ್ತಹಿಯ್ಯಾತ್ ಓದಬೇಕು. 3 ಅಥವಾ 4 ರಕಅತ್‌ಗಳ ನಮಾಜಾದರೆ ಇದು ಮೊದಲ ಅತ್ತಹಿಯ್ಯಾತ್. ಇದಾದ ಮೇಲೆ ಎದ್ದು ಉಳಿದ ರಕಅತ್ ಮುಗಿಸಿ, ಕೊನೆಯ ಅತ್ತಹಿಯ್ಯಾತ್‌ಗೆ ಕೂತು, ಬಲಕ್ಕೂ ಎಡಕ್ಕೂ ಮುಖ ತಿರುಗಿಸಿ ಸಲಾಮ್ ಹೇಳಬೇಕು.

ಮರೆವಿನ ಸುಜೂದ್‌ನ ವಿಷಯದಲ್ಲಿ ಅತಿ ಹೆಚ್ಚು ಸಲ ಎದುರಾಗುವುದು ಈ ಮೊದಲ ಅತ್ತಹಿಯ್ಯಾತ್. ಎರಡನೇ ರಕಅತ್‌ನ ಸುಜೂದ್ ಮುಗಿಸಿ, ಅದು ಮೊದಲನೆಯದೆಂದೋ ಮೂರನೆಯದೆಂದೋ ಭ್ರಮಿಸಿ ನೇರವಾಗಿ ಎದ್ದು ನಿಂತುಬಿಡುವುದು. ಇದೂ ಪ್ರವಾದಿಯವರ ಕಾಲದಲ್ಲೇ ನಡೆದದ್ದು. ಒಂದು ಝುಹರ್‌ನಲ್ಲಿ ಅವರು ಎರಡನೇ ರಕಅತ್ ಆದ ಮೇಲೆ ಕೂರದೆ ಎದ್ದರು. ಹಿಂದಿದ್ದವರೂ ಜೊತೆಗೆ ಎದ್ದರು. ನಮಾಜಿನ ಕೊನೆಯಲ್ಲಿ ಎಲ್ಲರೂ ಸಲಾಮ್‌ಗೆ ಕಾದಿದ್ದಾಗ ಪ್ರವಾದಿ ಕೂತಲ್ಲೇ ತಕ್ಬೀರ್ ಹೇಳಿ 2 ಸುಜೂದ್ ಮಾಡಿದರು, ಆಮೇಲೆ ಸಲಾಮ್ ಹೇಳಿದರು. ಇದನ್ನು ಹೇಳಿದವರು ಅಬ್ದುಲ್ಲಾ ಇಬ್ನ್ ಬುಹೈನಾ. ಬಿಟ್ಟುಹೋದ ಅತ್ತಹಿಯ್ಯಾತ್‌ಗಾಗಿ ಪ್ರವಾದಿ ಹಿಂದಿರುಗಿ ಕೂರಲಿಲ್ಲ, ಕೊನೆಯಲ್ಲೂ ಅದನ್ನು ಬೇರೆಯಾಗಿ ಓದಲಿಲ್ಲ. ಅದರ ಕೊರತೆಯನ್ನು ಸುಜೂದ್ ತುಂಬಿಕೊಟ್ಟಿತು. ಝುಲ್‌ಯದೈನ್ ಘಟನೆಯಲ್ಲಿ ಬಿಟ್ಟುಹೋದದ್ದು ಇಡೀ ರಕಅತ್‌ಗಳಾದ್ದರಿಂದ ಅವನ್ನು ಮಾಡಲೇಬೇಕಾಯಿತು. ಈ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಇಡೀ ನಿಯಮದ ಬೇರು ಸಿಗುತ್ತದೆ.

ನಿಂತಿರುವುದು, ರುಕೂ, ಸುಜೂದ್, ಕೊನೆಯಲ್ಲಿ ಕೂರುವುದು ಇಂಥವು ನಮಾಜಿನ ಫರ್ಝ್‌ಗಳು, ಅಂದರೆ ಬುನಾದಿ. ಇವುಗಳಲ್ಲಿ ಒಂದು ಬಿಟ್ಟುಹೋದರೆ ಅದನ್ನು ಮಾಡದೆ ನಮಾಜು ಆಗುವುದಿಲ್ಲ. ಉದಾಹರಣೆಗೆ ಒಂದು ರಕಅತ್‌ನಲ್ಲಿ ಒಂದೇ ಸುಜೂದ್ ಮಾಡಿದ್ದು ಆಮೇಲೆ ನೆನಪಾದರೆ, ಆ ಸುಜೂದನ್ನು ಮಾಡಿ ಕೊನೆಗೆ ಮರೆವಿನ 2 ಸುಜೂದ್ ಬೇರೆಯಾಗಿ ಮಾಡಬೇಕು. ಇವುಗಳ ಕೆಳಗಿನ ಹಂತದಲ್ಲಿ ಮೊದಲ ಅತ್ತಹಿಯ್ಯಾತ್‌ನಂಥವು ಇವೆ. ಇವು ಬಿಟ್ಟರೆ ನಮಾಜು ನಿಲ್ಲುತ್ತದೆ, ಆದರೆ ಕೊರತೆಯೊಂದಿಗೆ ನಿಲ್ಲುತ್ತದೆ. ಸುಜೂದ್ ಇರುವುದು ಈ ಹಂತಕ್ಕೆ. ಅದಕ್ಕೂ ಕೆಳಗೆ, ರುಕೂವಿನಲ್ಲಿ ಹೇಳುವ ತಸ್ಬೀಹ್, ಒಂದು ಭಂಗಿಯಿಂದ ಇನ್ನೊಂದಕ್ಕೆ ಹೋಗುವಾಗಿನ ತಕ್ಬೀರ್, ಕೈ ಎತ್ತುವುದು, ಕೈ ಕಟ್ಟುವುದು ಇಂಥವು ಮರೆತರೆ ಹನಫಿ, ಶಾಫಿಈ ಎರಡೂ ಪಂಥಗಳಲ್ಲಿ ಏನೂ ಮಾಡಬೇಕಿಲ್ಲ.

ಕರ್ನಾಟಕದ ಓದುಗರು ಇಲ್ಲಿ ಒಂದು ವಿಷಯ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನಮ್ಮ ಒಳನಾಡಿನ ಬೀದರ್, ಕಲಬುರಗಿ, ವಿಜಯಪುರ, ಮೈಸೂರು, ಬೆಂಗಳೂರುಗಳ ಮುಸ್ಲಿಮರಲ್ಲಿ ಬಹುಪಾಲು ಜನ ಹನಫಿ ಪಂಥದವರು. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಈ ಪಂಥದವರು. ಮಧ್ಯದ ಹಂತದಲ್ಲಿ ಏನೇನು ಬರುತ್ತದೆ ಎಂಬುದರಲ್ಲಿ ಈ ಎರಡು ಪಂಥಗಳಿಗೆ ವ್ಯತ್ಯಾಸವಿದೆ. ಮೊದಲ 2 ರಕಅತ್‌ಗಳಲ್ಲಿ ಫಾತಿಹಾದ ಜೊತೆ ಸೂರಾ ಸೇರಿಸುವುದನ್ನು ಮರೆತರೆ ಹನಫಿಗಳು ಮರೆವಿನ ಸುಜೂದ್ ಮಾಡಬೇಕು, ಏಕೆಂದರೆ ಅವರಲ್ಲಿ ಅದು ವಾಜಿಬ್. ಶಾಫಿಈಗಳಿಗೆ ಬೇಕಿಲ್ಲ. ಫಜರ್‌ನ ಎರಡನೇ ರಕಅತ್‌ನಲ್ಲಿ ರುಕೂವಿನಿಂದ ಎದ್ದ ಮೇಲೆ ಓದುವ ಕುನೂತ್ ಮರೆತರೆ ಶಾಫಿಈಗಳಿಗೆ ಸುಜೂದ್ ಇದೆ. ಹನಫಿಗಳ ಫಜರ್‌ನಲ್ಲಿ ಆ ಕುನೂತೇ ಇಲ್ಲ, ಅವರಿಗೆ ವಿತ್ರ್ ನಮಾಜಿನ ಕುನೂತ್ ಮರೆತರೆ ಸುಜೂದ್. ದೊಡ್ಡ ವ್ಯತ್ಯಾಸವಿರುವುದು ಫಾತಿಹಾದಲ್ಲಿ. ಹನಫಿ ಇಮಾಮ್ ಫಾತಿಹಾ ಮರೆತು ಬೇರೆ ಸೂರಾ ಓದಿ ಮುಂದೆ ಹೋದರೆ ಕೊನೆಯ ಸುಜೂದ್ ಅದನ್ನು ಸರಿಪಡಿಸುತ್ತದೆ. ಶಾಫಿಈಗಳಲ್ಲಿ ಫಾತಿಹಾ ಬುನಾದಿಗೇ ಸೇರಿದ್ದು. ಅದಿಲ್ಲದ ರಕಅತ್ ಲೆಕ್ಕಕ್ಕೆ ಬರುವುದಿಲ್ಲ, ಅದರ ಬದಲಿಗೆ ಇನ್ನೊಂದು ರಕಅತ್ ಮಾಡಿಯೇ ಸುಜೂದ್ ಮಾಡಬೇಕು.

ಈಗ ಮೊದಲ ಅತ್ತಹಿಯ್ಯಾತ್ ತಪ್ಪಿದ ಸಂದರ್ಭವನ್ನೇ ಹೆಜ್ಜೆ ಹೆಜ್ಜೆಯಾಗಿ ನೋಡೋಣ. ಮಸೀದಿಯಲ್ಲಿ ಝುಹರ್ ನಡೆಯುತ್ತಿದೆ. ಇಮಾಮ್ ಎರಡನೇ ರಕಅತ್‌ನ ಕೊನೆಯ ಸುಜೂದ್‌ನಿಂದ ತಲೆ ಎತ್ತಿ ಕೂರದೆ ಏಳತೊಡಗುತ್ತಾರೆ. ಹಿಂದಿನ ಸಾಲಿನವರಿಗೆ ಗೊತ್ತಾಗುತ್ತದೆ. ಅವರು ಮಾತಾಡುವಂತಿಲ್ಲ. ಗಂಡಸರು ಕೇಳಿಸುವಂತೆ ಸುಬ್‌ಹಾನಲ್ಲಾಹ್ ಎನ್ನಬೇಕು, ಹೆಂಗಸರಾದರೆ ಕೈ ತಟ್ಟಿ ಸೂಚಿಸಬೇಕು. ಈಗ ಇಮಾಮರ ಮೈ ಎಲ್ಲಿದೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಮೊಣಕಾಲು ಈಗಷ್ಟೇ ನೆಲ ಬಿಟ್ಟಿದ್ದು, ಇನ್ನೂ ಕೂರುವುದಕ್ಕೇ ಹತ್ತಿರವಿದ್ದರೆ ಅವರು ವಾಪಸ್ ಕೂತು ಅತ್ತಹಿಯ್ಯಾತ್ ಓದುತ್ತಾರೆ. ಆಗ ಏನೂ ತಪ್ಪಿದಂತಾಗಲಿಲ್ಲ, ಕೊನೆಯಲ್ಲಿ ಸುಜೂದ್ ಕೂಡ ಬೇಕಿಲ್ಲ. ಆದರೆ ಪೂರ್ತಿ ನೆಟ್ಟಗೆ ನಿಂತಾಗಿದ್ದರೆ ಅವರು ಹಿಂದಿರುಗಬಾರದು. ಇದಕ್ಕೆ ಕಾರಣ ಸರಳವಾಗಿದೆ. ಮೂರನೇ ರಕಅತ್‌ನ ನಿಲುವು ಫರ್ಝ್, ಬಿಟ್ಟುಹೋದ ಕೂರುವಿಕೆ ಅದಕ್ಕಿಂತ ಕೆಳಗಿನದು. ಹಿಡಿದ ಫರ್ಝನ್ನು ಬಿಟ್ಟು ಅದಕ್ಕಿಂತ ಕಡಿಮೆಯದಕ್ಕೆ ಮರಳುವಂತಿಲ್ಲ.

ಇವೆರಡರ ನಡುವಿನ ಅರ್ಧ ಎದ್ದ ಸ್ಥಿತಿಯಲ್ಲಿ ಪಂಥಗಳ ಲೆಕ್ಕ ಬೇರೆಯಾಗುತ್ತದೆ. ಸೊಂಟದ ಕೆಳಗಿನ ಭಾಗ ನೆಟ್ಟಗಾಗಿ ನಿಲ್ಲುವುದಕ್ಕೆ ಹತ್ತಿರವಾಗಿದ್ದರೆ ಮುಂದುವರಿಯಬೇಕು ಎಂಬುದು ಹನಫಿಗಳಲ್ಲಿ ಪ್ರಚಲಿತವಾಗಿರುವ ಮಾತು. ಶಾಫಿಈಗಳಲ್ಲಿ ಪೂರ್ತಿ ನಿಲ್ಲುವವರೆಗೂ ಮರಳಿ ಕೂರಬಹುದು, ಆದರೆ ನಿಲ್ಲುವುದಕ್ಕೆ ಹತ್ತಿರ ಹೋಗಿ ಮರಳಿದ್ದರೆ ಕೊನೆಗೆ ಸುಜೂದ್ ಮಾಡಬೇಕು.

ತೊಂದರೆ ಹುಟ್ಟುವುದು ಹಿಂದಿನವರ ಹಟದಿಂದ. ಇಮಾಮ್ ಪೂರ್ತಿ ನಿಂತ ಮೇಲೂ ನಾಲ್ಕಾರು ಜನ ಬಿಡದೆ ಸುಬ್‌ಹಾನಲ್ಲಾಹ್ ಎನ್ನುತ್ತಲೇ ಇರುತ್ತಾರೆ. ಗಾಬರಿಯಾದ ಇಮಾಮ್ ಮರಳಿ ಕೂತುಬಿಡುತ್ತಾರೆ. ಶಾಫಿಈ ಪಂಥದಲ್ಲಿ, ಹೀಗೆ ಮಾಡಬಾರದೆಂದು ತಿಳಿದೂ ಮರಳಿದರೆ ನಮಾಜೇ ಕೆಡುತ್ತದೆ. ಮರೆತೋ ತಿಳಿಯದೆಯೋ ಮರಳಿದ್ದರೆ ಕೆಡುವುದಿಲ್ಲ, ನೆನಪಾದ ಕೂಡಲೇ ಎದ್ದು ಕೊನೆಗೆ ಸುಜೂದ್ ಮಾಡಬೇಕು. ಹನಫಿಗಳಲ್ಲೂ ಅದು ತಪ್ಪೇ, ನಮಾಜು ಕೆಡುತ್ತದೆಯೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ನಡೆದು ಕೆಡುವುದಿಲ್ಲ ಎಂಬ ಕಡೆಗೆ ಹೆಚ್ಚಿನವರ ಒಲವಿದೆ. ಹಾಗಾಗಿ ಇಮಾಮ್ ನಿಂತಾಗಿದೆ ಎಂದು ಕಂಡರೆ ಹಿಂದಿನವರು ನೆನಪಿಸುವುದನ್ನು ನಿಲ್ಲಿಸಿ ತಾವೂ ಎದ್ದು ನಿಲ್ಲಬೇಕು. ತಾವೊಬ್ಬರೇ ಕೂತು ಅತ್ತಹಿಯ್ಯಾತ್ ಮುಗಿಸಿ ಏಳುತ್ತೇವೆ ಎನ್ನುವಂತಿಲ್ಲ. ಇಬ್ನ್ ಬುಹೈನಾ ಹೇಳಿದ ಘಟನೆಯಲ್ಲಿ ಜನ ಪ್ರವಾದಿಯ ಜೊತೆ ಎದ್ದದ್ದೂ ಹೀಗೆಯೇ.

ಮೂರನೇ, ನಾಲ್ಕನೇ ರಕಅತ್ ಎಂದಿನಂತೆ ನಡೆಯುತ್ತವೆ. ಕೊನೆಯ ಅತ್ತಹಿಯ್ಯಾತ್‌ಗೆ ಕೂತ ಮೇಲೆ ಎರಡು ಪಂಥಗಳ ದಾರಿ ಕಣ್ಣಿಗೆ ಕಾಣುವಷ್ಟು ಬೇರೆಯಾಗುತ್ತದೆ. ಹನಫಿ ಇಮಾಮ್ ಅತ್ತಹಿಯ್ಯಾತ್ ಓದಿ ಬಲಕ್ಕೆ ಒಂದೇ ಸಲಾಮ್ ಹೇಳುತ್ತಾರೆ. ಎಡಕ್ಕೆ ತಿರುಗದೆ ತಕ್ಬೀರ್ ಹೇಳಿ 2 ಸುಜೂದ್ ಮಾಡುತ್ತಾರೆ. ಮತ್ತೆ ಕೂತು ಅತ್ತಹಿಯ್ಯಾತನ್ನು ಮೊದಲಿನಿಂದ ಓದಿ, ದುರೂದ್ ಮತ್ತು ದುಆ ಸೇರಿಸಿ ಎರಡೂ ಕಡೆ ಸಲಾಮ್ ಹೇಳುತ್ತಾರೆ. ಶಾಫಿಈ ಇಮಾಮ್ ಅತ್ತಹಿಯ್ಯಾತ್, ಸ್ವಲಾತ್, ದುಆ ಎಲ್ಲವನ್ನೂ ಮುಗಿಸಿ, ಸಲಾಮ್‌ಗೆ ಮೊದಲೇ 2 ಸುಜೂದ್ ಮಾಡಿ, ಮತ್ತೇನೂ ಓದದೆ ಎರಡೂ ಕಡೆ ಸಲಾಮ್ ಹೇಳುತ್ತಾರೆ. ಸುಜೂದ್‌ನಲ್ಲಿ ಹೇಳುವುದು ಎಂದಿನ ತಸ್ಬೀಹನ್ನೇ. ಇದಕ್ಕೆಂದೇ ಬೇರೆ ಪ್ರಾರ್ಥನೆಯೊಂದು ಕೆಲವು ಪುಸ್ತಕಗಳಲ್ಲಿ ಸಿಗುತ್ತದೆ, ಆದರೆ ಅದಕ್ಕೆ ಹದೀಸ್‌ನ ಆಧಾರವಿಲ್ಲ. ಎರಡು ಸುಜೂದ್‌ಗಳ ನಡುವೆ ಎಂದಿನಂತೆ ನೆಮ್ಮದಿಯಾಗಿ ಕೂರಬೇಕು.

ಭಟ್ಕಳದ ಹುಡುಗನೊಬ್ಬ ಬೆಂಗಳೂರಿನ ಮಸೀದಿಯಲ್ಲಿ ಮೊದಲ ಸಲ ಇದನ್ನು ಕಂಡರೆ ಗೊಂದಲಕ್ಕೆ ಬೀಳುವುದು ಸಹಜ. ಬಲಕ್ಕೆ ಸಲಾಮ್ ಆಯಿತು, ಇನ್ನೇನು ಎಡಕ್ಕೂ ಆಗಬೇಕು ಎನ್ನುವಷ್ಟರಲ್ಲಿ ಇಡೀ ಸಾಲು ಸುಜೂದ್‌ಗೆ ಹೋಗಿರುತ್ತದೆ. ಈ ವ್ಯತ್ಯಾಸ ಯಾರೋ ಒಬ್ಬರು ಆಮೇಲೆ ಸೇರಿಸಿದ್ದಲ್ಲ, ಹದೀಸ್‌ಗಳಲ್ಲೇ ಎರಡೂ ಇವೆ. ಇಬ್ನ್ ಬುಹೈನಾ ವರದಿಯಲ್ಲಿ ಸುಜೂದ್ ಸಲಾಮ್‌ಗೆ ಮೊದಲು, ಝುಲ್‌ಯದೈನ್ ಘಟನೆಯಲ್ಲಿ ಸಲಾಮ್ ಆದ ಮೇಲೆ. ಶಾಫಿಈಗಳು ಮೊದಲನೆಯದನ್ನು ಹಿಡಿದರು, ಹನಫಿಗಳು ಎರಡನೆಯದನ್ನು. ಇಮಾಮ್ ಮಾಲಿಕ್ ಎರಡನ್ನೂ ಹಂಚಿದರು. ನಮಾಜಿನಲ್ಲಿ ಏನಾದರೂ ಕಡಿಮೆಯಾಗಿದ್ದರೆ ಸಲಾಮ್‌ಗೆ ಮೊದಲು, ಹೆಚ್ಚಾಗಿದ್ದರೆ ಸಲಾಮ್ ನಂತರ ಎಂದರು. 13ನೇ ಶತಮಾನದ ಶಾಫಿಈ ವಿದ್ವಾಂಸ ನವವಿ ಈ ಹದೀಸ್‌ಗಳನ್ನು ವಿವರಿಸುತ್ತಾ, ಮೊದಲು ಮಾಡಿದರೂ ನಂತರ ಮಾಡಿದರೂ ಸಲ್ಲುತ್ತದೆ, ಯಾವುದು ಉತ್ತಮ ಎಂಬುದರಲ್ಲಷ್ಟೇ ಭಿನ್ನಾಭಿಪ್ರಾಯ ಎಂಬ ವಿದ್ವಾಂಸರ ಮಾತನ್ನು ದಾಖಲಿಸಿದ್ದಾರೆ. ಇಮಾಮ್ ಯಾವ ಕ್ರಮದಲ್ಲಿ ಮಾಡುತ್ತಾರೋ ಹಿಂದಿನವರು ಆ ಕ್ರಮವನ್ನೇ ಅನುಸರಿಸಿದರೆ ಸಾಕು.

ತಡವಾಗಿ ಬಂದು ಸೇರಿದವರ ಕಥೆ ಇನ್ನಷ್ಟು ಸೂಕ್ಷ್ಮ. ಇದೇ ಝುಹರ್‌ನಲ್ಲಿ ಒಬ್ಬರು ಮೂರನೇ ರಕಅತ್‌ಗೆ ಬಂದು ಸೇರಿಕೊಂಡರು ಎನ್ನಿ. ಅತ್ತಹಿಯ್ಯಾತ್ ತಪ್ಪಿದಾಗ ಅವರು ಅಲ್ಲಿರಲೇ ಇಲ್ಲ. ಆದರೂ ಇಮಾಮರ ಮರೆವಿನ ಪಾಲು ಅವರಿಗೂ ಇದೆ, ಸುಜೂದ್ ಮಾಡಲೇಬೇಕು. ಹನಫಿ ಇಮಾಮ್ ಬಲಕ್ಕೆ ಸಲಾಮ್ ಹೇಳಿದಾಗ ಇವರು ಸಲಾಮ್ ಹೇಳಬಾರದು, ಏಳಲೂಬಾರದು. ಸುಮ್ಮನೆ ಕೂತಿದ್ದು ಇಮಾಮರ ಜೊತೆ 2 ಸುಜೂದ್ ಮಾಡಿ, ಅವರು ಎರಡೂ ಕಡೆಯ ಸಲಾಮ್ ಮುಗಿಸಿದ ಮೇಲೆ ಎದ್ದು ತಮ್ಮ 2 ರಕಅತ್ ಪೂರೈಸಬೇಕು. ಅವಸರದಲ್ಲಿ ಮೊದಲ ಸಲಾಮ್‌ಗೇ ಎದ್ದುಬಿಟ್ಟಿದ್ದರೆ, ತಮ್ಮ ಆ ರಕಅತ್‌ನ ಸುಜೂದ್ ಇನ್ನೂ ಮಾಡಿರದಿದ್ದ ಪಕ್ಷದಲ್ಲಿ ಮರಳಿ ಬಂದು ಇಮಾಮರ ಸುಜೂದ್‌ಗೆ ಸೇರಿಕೊಳ್ಳಬೇಕು. ಶಾಫಿಈ ಕ್ರಮದಲ್ಲಿ ತಡವಾಗಿ ಬಂದವರು ಇಮಾಮರ ಜೊತೆ ಒಮ್ಮೆ ಸುಜೂದ್ ಮಾಡುತ್ತಾರೆ, ತಮ್ಮ ಉಳಿದ ರಕಅತ್‌ಗಳನ್ನು ಮುಗಿಸಿ ಕೊನೆಯಲ್ಲಿ ಮತ್ತೊಮ್ಮೆ ಮಾಡುತ್ತಾರೆ.

ಇದರ ತಿರುವುಮುರುವು ಹಾಗಲ್ಲ. ಮೊದಲಿನಿಂದಲೂ ಇಮಾಮರ ಹಿಂದೆ ನಿಂತವರು ತಾವು ಏನಾದರೂ ಮರೆತರೆ, ಉದಾಹರಣೆಗೆ ಎಲ್ಲರೂ ಮೊದಲ ಅತ್ತಹಿಯ್ಯಾತ್‌ನಲ್ಲಿ ಕೂತಿದ್ದಾಗ ಅದರ ಬದಲು ಬೇರೇನೋ ಓದಿದರೆ, ಅವರಿಗೆ ಬೇರೆ ಸುಜೂದ್ ಇಲ್ಲ. ಇಮಾಮರ ನೆರಳಿನಲ್ಲಿ ಆ ಮರೆವು ಮುಚ್ಚಿಹೋಗುತ್ತದೆ.

ಇಮಾಮ್ ಐದನೇ ರಕಅತ್‌ಗೆ ಎದ್ದರೆ? ಇದೂ ನಡೆದದ್ದುಂಟು. ಅಬ್ದುಲ್ಲಾ ಇಬ್ನ್ ಮಸ್‌ಊದ್ ಹೇಳುವಂತೆ ಪ್ರವಾದಿ ಒಮ್ಮೆ ಝುಹರನ್ನು 5 ರಕಅತ್ ಮಾಡಿದರು. ಸಲಾಮ್ ಆದ ಮೇಲೆ ಜನ ತಿಳಿಸಿದಾಗ ಕಿಬ್ಲಾದ ಕಡೆ ತಿರುಗಿ 2 ಸುಜೂದ್ ಮಾಡಿದರು. ತಾನೂ ಮನುಷ್ಯನೇ, ನಿಮ್ಮ ಹಾಗೆಯೇ ಮರೆಯುತ್ತೇನೆ, ಮರೆತಾಗ ನೆನಪಿಸಿ ಎಂದು ಅವರು ಹೇಳಿದ್ದು ಈ ಸಂದರ್ಭದಲ್ಲೇ. ಆದರೆ ಹಿಂದಿನವರು ಇಲ್ಲಿ ಮಾಡಬೇಕಾದದ್ದು ಮೊದಲ ಅತ್ತಹಿಯ್ಯಾತ್‌ನ ಸಂದರ್ಭಕ್ಕೆ ತದ್ವಿರುದ್ಧ. ಅಲ್ಲಿ ಇಮಾಮರ ಜೊತೆ ಏಳಬೇಕಿತ್ತು, ಇಲ್ಲಿ 5 ಆಗುತ್ತಿದೆ ಎಂದು ಖಚಿತವಾಗಿ ಗೊತ್ತಿರುವವರು ಏಳಬಾರದು. ನೆನಪಿಸಿ, ಕೂತೇ ಕಾಯಬೇಕು. ನೆನಪಾದ ಇಮಾಮ್ ಕೂಡಲೇ ಮರಳಿ ಕೂರಬೇಕು, ಇಲ್ಲಿ ಪೂರ್ತಿ ನಿಂತಿದ್ದರೂ ಮರಳಬೇಕು, ಏಕೆಂದರೆ ಐದನೇ ರಕಅತ್ ಎಂಬುದೇ ಝುಹರ್‌ಗೆ ಇಲ್ಲ. ಹನಫಿಗಳಲ್ಲಿ ಇನ್ನೊಂದು ಷರತ್ತಿದೆ. ನಾಲ್ಕನೆಯದರ ಕೊನೆಗೆ ಅತ್ತಹಿಯ್ಯಾತ್‌ನಷ್ಟು ಹೊತ್ತು ಕೂರದೆಯೇ ಎದ್ದು, ಐದನೆಯದರ ಸುಜೂದ್ ಕೂಡ ಮಾಡಿಬಿಟ್ಟರೆ ಫರ್ಝ್ ಕೈತಪ್ಪಿ ಅದು ನಫಿಲ್ ನಮಾಜಾಗುತ್ತದೆ. ಫರ್ಝನ್ನು ಮತ್ತೆ ಮಾಡಬೇಕು. ಅಲ್ಲಿ ಮರೆವಿನ ಸುಜೂದ್‌ಗೆ ಅದನ್ನು ಉಳಿಸುವ ಶಕ್ತಿಯಿಲ್ಲ.

ಒಬ್ಬರೇ ನಮಾಜು ಮಾಡುವಾಗ ನೆನಪಿಸುವವರು ಇರುವುದಿಲ್ಲ. ಅಲ್ಲಿ ಕಾಡುವುದು ಸಂಶಯ. ರಾತ್ರಿಯ ಇಶಾದಲ್ಲಿ ನಿಂತಿದ್ದೀರಿ, ಇದು ಮೂರನೆಯದೋ ನಾಲ್ಕನೆಯದೋ ತೋಚುತ್ತಿಲ್ಲ. ಅಬೂಸಈದ್ ಖುದ್ರಿ ವರದಿ ಮಾಡಿದಂತೆ ಪ್ರವಾದಿ ಇದಕ್ಕೆ ಕೊಟ್ಟ ದಾರಿ ಇದು: ಸಂಶಯವನ್ನು ಎಸೆದುಬಿಡಿ, ಖಚಿತವಾದದ್ದರ ಮೇಲೆ ಮುಂದುವರಿಯಿರಿ, ಸಲಾಮ್‌ಗೆ ಮೊದಲು 2 ಸುಜೂದ್ ಮಾಡಿ. ಮೂರಂತೂ ಆಗುತ್ತಿರುವುದು ಖಚಿತ, ನಾಲ್ಕು ಖಚಿತವಲ್ಲ. ಹಾಗಾಗಿ ಇದನ್ನು ಮೂರನೆಯದೆಂದು ಹಿಡಿದು ಇನ್ನೊಂದು ಮಾಡಬೇಕು. ನಿಜದಲ್ಲಿ ಅದು 5 ಆಗಿದ್ದರೆ ಆ 2 ಸುಜೂದ್‌ಗಳು ಸೇರಿ ನಮಾಜನ್ನು ಸಮಸಂಖ್ಯೆಗೆ ತರುತ್ತವೆ. ಸರಿಯಾಗಿ 4 ಆಗಿದ್ದರೆ, ಗೊಂದಲ ಹುಟ್ಟಿಸಿದ ಶೈತಾನನಿಗೆ ಅವು ಮುಖಭಂಗ. ಹದೀಸ್ ಕಾರಣವನ್ನೂ ಜೊತೆಗೇ ಹೇಳಿರುವುದರಿಂದ ಈ ನಿಯಮವನ್ನು ಮರೆಯುವುದು ಕಷ್ಟ.

ಶಾಫಿಈಗಳು ಯಾವಾಗಲೂ ಹೀಗೆ ಕಡಿಮೆ ಸಂಖ್ಯೆಯನ್ನೇ ಹಿಡಿಯುತ್ತಾರೆ. ಹನಫಿಗಳು ಒಂದು ಹೆಜ್ಜೆ ಹಿಂದಿನಿಂದ ಶುರುಮಾಡುತ್ತಾರೆ. ಇಂಥ ಸಂಶಯ ಅಪರೂಪವಾಗಿದ್ದವರು ಆ ನಮಾಜನ್ನು ಬಿಟ್ಟು ಮೊದಲಿನಿಂದ ಮಾಡುವುದು. ಪದೇ ಪದೇ ಆಗುವವರು ಮನಸ್ಸು ಯಾವ ಕಡೆ ಹೆಚ್ಚು ವಾಲುತ್ತದೋ ಅದನ್ನು ಹಿಡಿಯುವುದು. ಯಾವ ಕಡೆಗೂ ವಾಲದಿದ್ದರೆ ಆಗ ಕಡಿಮೆ ಸಂಖ್ಯೆ. ಮೂರು ಎಂದು ಹಿಡಿದ ಹನಫಿ ಆ ರಕಅತ್‌ನ ಕೊನೆಯಲ್ಲೂ ಕೂತು ಅತ್ತಹಿಯ್ಯಾತ್ ಓದಬೇಕು, ಏಕೆಂದರೆ ಅದೇ ನಾಲ್ಕನೆಯದಾಗಿರುವ ಸಾಧ್ಯತೆ ಇದೆ, ಮತ್ತು ಕೊನೆಯಲ್ಲಿ ಕೂರುವುದು ಫರ್ಝ್. ಆಮೇಲೆ ಎದ್ದು ಇನ್ನೊಂದು ರಕಅತ್ ಮಾಡಿ, ಮತ್ತೆ ಕೂತು, ಮರೆವಿನ ಸುಜೂದ್ ಮಾಡಬೇಕು.

ಸಂಶಯಕ್ಕೂ ಒಂದು ಗಡಿ ಇದೆ. ಸಲಾಮ್ ಹೇಳಿ ಮುಗಿಸಿದ ಮೇಲೆ ಹುಟ್ಟುವ ಎಷ್ಟು ರಕಅತ್ ಆಯಿತೋ ಎಂಬ ಸಂಶಯಕ್ಕೆ ಬೆಲೆಯಿಲ್ಲ. ಬಿಟ್ಟುಹೋದದ್ದು ಖಚಿತವಾಗಿ ನೆನಪಾದರೆ ಆ ಮಾತು ಬೇರೆ. ಪ್ರತಿ ನಮಾಜಿನಲ್ಲೂ, ವುಝೂವಿನಲ್ಲೂ ಬಿಡದೆ ಸಂಶಯ ಬಂದು ಮತ್ತೆ ಮತ್ತೆ ಮಾಡುವ ಸ್ಥಿತಿಗೆ ವಸ್‌ವಾಸ್ ಎನ್ನುತ್ತಾರೆ. ಅಂಥವರು ಸಂಶಯಕ್ಕೆ ಕಿವಿಗೊಡದೆ ಮುಂದೆ ಹೋಗಬೇಕೆಂದೇ ವಿದ್ವಾಂಸರು ಹೇಳುವುದು. ಪ್ರತಿ ಸಲ ಸುಜೂದ್ ಸೇರಿಸಿ ಸಮಾಧಾನ ಹುಡುಕುವುದು ಅದಕ್ಕೆ ಮದ್ದಲ್ಲ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತ್ಯಂತ ಕರುಣೆಯ ಮಾತು ಇದು. ಈ ಬಾಧೆ ದಿನಚರಿಯನ್ನೇ ಹಿಡಿದು ನಿಲ್ಲಿಸುವಷ್ಟು ಬೆಳೆದಿದ್ದರೆ ವೈದ್ಯರನ್ನು ಕಾಣುವುದರಲ್ಲಿ ಸಂಕೋಚ ಬೇಡ.

ಮುನ್ನೆಚ್ಚರಿಕೆಗೆಂದು ಕಾರಣವಿಲ್ಲದೆ ಮರೆವಿನ ಸುಜೂದ್ ಮಾಡುವ ಅಭ್ಯಾಸವೂ ಕೆಲವರಲ್ಲಿದೆ. ಅದನ್ನು ಬಿಡಬೇಕು. ಶಾಫಿಈಗಳಲ್ಲಿ ಕಾರಣವಿಲ್ಲವೆಂದು ತಿಳಿದೂ ಸಲಾಮ್‌ಗೆ ಮೊದಲು ಹೆಚ್ಚಿನ ಸುಜೂದ್ ಮಾಡಿದರೆ ನಮಾಜು ಕೆಡುತ್ತದೆ. ಒಂದೇ ನಮಾಜಿನಲ್ಲಿ ಮೂರು ಮರೆವುಗಳಾದರೂ ಸುಜೂದ್ 2 ಮಾತ್ರ. ಹನಫಿಗಳಲ್ಲಿ ಬೇಕೆಂದೇ ವಾಜಿಬ್ ಬಿಟ್ಟವರಿಗೆ ಈ ಸುಜೂದ್ ಒದಗಿ ಬರುವುದಿಲ್ಲ, ಅವರು ನಮಾಜನ್ನೇ ಮತ್ತೆ ಮಾಡಬೇಕು.

ಮರೆತು ಅರ್ಧಕ್ಕೇ ಸಲಾಮ್ ಹೇಳಿದವರಿಗೂ ಒಂದು ಎಚ್ಚರಿಕೆ ಬೇಕು. ಝುಲ್‌ಯದೈನ್ ಘಟನೆಯಲ್ಲಿ ನಡುವೆ ಮಾತುಕತೆ ನಡೆದಿತ್ತಲ್ಲ, ಹಾಗಾದರೆ ಮಾತಾಡಿಯೂ ಮುಂದುವರಿಸಬಹುದೇ? ಅದು ನಮಾಜಿನಲ್ಲಿ ಮಾತು ನಿಷಿದ್ಧವಾಗುವ ಮೊದಲಿನದು ಎಂದು ಹನಫಿಗಳು ತಿಳಿಯುತ್ತಾರೆ. ಅವರಲ್ಲಿ ಸಲಾಮ್ ಆದ ಮೇಲೆ ಮಾತಾಡಿಬಿಟ್ಟರೆ ನಮಾಜನ್ನು ಮೊದಲಿನಿಂದ ಮಾಡಬೇಕು. ಮಾತಾಡದೆ ಕೂತಲ್ಲೇ ನೆನಪಾದರೆ ಎದ್ದು ಉಳಿದದ್ದನ್ನು ಪೂರೈಸಿ ಸುಜೂದ್ ಮಾಡಿದರಾಯಿತು. ಶಾಫಿಈಗಳಲ್ಲಿ ಸ್ವಲ್ಪ ಹೊತ್ತಿನೊಳಗೆ ನೆನಪಾದರೆ, ನಮಾಜು ಮುಗಿಯಿತೆಂದು ನಂಬಿ ಒಂದೆರಡು ಮಾತಾಡಿದ್ದರೂ ಮುಂದುವರಿಸಬಹುದು. ಮರೆವಿನ ಸುಜೂದನ್ನೇ ಮರೆತು ಎದ್ದುಹೋಗಿ ಬಹಳ ಹೊತ್ತಾದರೆ ಶಾಫಿಈಗಳಲ್ಲಿ ಅದು ಅಲ್ಲಿಗೆ ಬಿಟ್ಟುಹೋಗುತ್ತದೆ, ನಮಾಜು ಸಿಂಧುವಾಗಿಯೇ ಇರುತ್ತದೆ. ಏಕೆಂದರೆ ಅವರಲ್ಲಿ ಈ ಸುಜೂದ್ ಸುನ್ನತ್. ಹನಫಿಗಳಲ್ಲಿ ಅದು ವಾಜಿಬ್ ಆದ್ದರಿಂದ ಹೊತ್ತು ಮುಗಿಯುವ ಮೊದಲು ಆ ನಮಾಜನ್ನು ಮತ್ತೆ ಮಾಡಬೇಕು.

ಈದ್ ಮತ್ತು ಜುಮಾದ ದಿನ ಮೈದಾನ, ರಸ್ತೆಗಳವರೆಗೆ ಸಾಲುಗಳು ಹಬ್ಬಿದ್ದರೆ, ಹಿಂದಿನವರು ಗೊಂದಲಗೊಳ್ಳದಿರಲೆಂದು ಇಮಾಮ್ ಮರೆವಿನ ಸುಜೂದ್ ಬಿಡುವುದೇ ಲೇಸು ಎಂದು ನಂತರದ ಹನಫಿ ವಿದ್ವಾಂಸರು ಹೇಳಿದ್ದಾರೆ. ಜನಾಝಾ ನಮಾಜಿನಲ್ಲಿ ರುಕೂ, ಸುಜೂದ್‌ಗಳೇ ಇಲ್ಲದಿರುವುದರಿಂದ ಅಲ್ಲಿ ಇದರ ಪ್ರಶ್ನೆ ಬರುವುದಿಲ್ಲ.

ನಿಮ್ಮ ನಮಾಜಿನಲ್ಲಿ ಆದದ್ದಕ್ಕೆ ಇಲ್ಲಿ ಉತ್ತರ ಸಿಗದಿದ್ದರೆ ನಿಮ್ಮ ಮಸೀದಿಯ ಇಮಾಮರನ್ನು ಕೇಳಿ. ಕೇಳುವಾಗ ಬರೀ ಏನೋ ತಪ್ಪಾಯಿತು ಎನ್ನಬೇಡಿ. ಯಾವ ನಮಾಜು, ಎಷ್ಟನೇ ರಕಅತ್, ಏನು ಬಿಟ್ಟುಹೋಯಿತು, ನೆನಪಾದಾಗ ಎಲ್ಲಿದ್ದಿರಿ, ಒಬ್ಬರೇ ಇದ್ದಿರೋ ಇಮಾಮರ ಹಿಂದೆಯೋ, ಇಷ್ಟನ್ನೂ ಹೇಳಿ. ಅವರು ಕೊಡುವ ಉತ್ತರ ಇವುಗಳ ಮೇಲೆಯೇ ನಿಂತಿರುತ್ತದೆ.